ಸಹಾಯ ಬೇಕು: ಗ್ಯಾಸ್ ಜಗಳ ಸೀಮಂತದ ತನಕ ಹೋಗ್ತಿದೆ

ಸ್ವಲ್ಪ ದಿನದ ಹಿಂದೆ ನಮ್ಮನೆಯವ್ರು ಗ್ಯಾಸ್ ಬುಕ್ ಮಾಡೋದು ಮರೆತ್ರು, ಸಾರು ಕುದಿಯೋವಾಗ್ಲೇ ಸಿಲಿಂಡರ್ ಖಾಲಿ, ಐದೇ ನಿಮಿಷದಲ್ಲಿ ನಾನು 4 ವರ್ಷದ ಹಿಂದೆ ನನ್ನ ಸೀಮಂತಕ್ಕೆ ಅವ್ರು ಲೇಟಾಗಿ ಬಂದಿದ್ದು ತೆಗೆದೆ, ಅವ್ರು ನನ್ನ ತಮ್ಮನಿಗೆ ಕೊಟ್ಟ ಸಾಲ ತೆಗೆದ್ರು. ಗ್ಯಾಸ್ ಯಾರು ಬುಕ್ ಮಾಡ್ಬೇಕು ಅನ್ನೋದು ಮಾತ್ರ ತೀರ್ಮಾನ ಆಗ್ಲೇ ಇಲ್ಲ.

"ನೀವು ಯಾವಾಗ್ಲೂ ಹಿಂಗೇ" ಅಂತ ನನ್ನ ಬಾಯಲ್ಲಿ ಬಂತು ಅಂದ್ರೆ ಹಳೇದು ಹಿಂದೇನೇ ಬರುತ್ತೆ. ಅದಕ್ಕೆ ಹಳೇದು ನೆನಪಾದ್ರೆ ಬುಕ್ಕಲ್ಲಿ ಬರೆದಿಟ್ಟು ಭಾನುವಾರ ಕಾಫಿ ಹೊತ್ತಲ್ಲಿ ಒಂದೊಂದೇ ಮಾತಾಡೋಣ ಅಂತ ಒಪ್ಕೊಂಡ್ವಿ. ಎರಡು ವಾರದಿಂದ ಜಗಳ ಅವತ್ತವತ್ತಿನ ವಿಷಯಕ್ಕೇ ನಿಲ್ತಿದೆ. ಆದ್ರೆ ಭಾನುವಾರ ಸೀಮಂತದ ಮಾತೆತ್ತಿದ್ರೆ "ಮುಗಿದಿದ್ದು ಬಿಡು" ಅಂತ ಎದ್ದು ಹೋಗ್ತಾರೆ. ನನಗೆ ಮುಗಿದಿಲ್ಲ, ಅದಕ್ಕೇ ಅದು ಮತ್ತೆ ಮತ್ತೆ ಬರೋದು.

ತಪ್ಪು ಹೊರಿಸ್ತಿದೀನಿ ಅಂತ ಅವ್ರಿಗೆ ಅನ್ನಿಸದ ಹಾಗೆ ಆ ಮಾತು ಹೇಗೆ ಶುರು ಮಾಡ್ಲಿ? ಗೊತ್ತಿರೋರು ದಯವಿಟ್ಟು ಹೇಳಿ.