ಎ.ಸಿ. ಬಿಲ್ಲಿನ ಲೆಕ್ಕ ಮತ್ತು 200 ಯೂನಿಟ್‌ನ ಗೆರೆ

"ಅಣ್ಣಾ, ದಾವಣಗೆರೆ ಸೆಕೆ ತಡೆಯೋಕಾಗ್ತಿಲ್ಲ, ಒಂದೂವರೆ ಟನ್ನಿನ ಎ.ಸಿ. ತಗೋಬೇಕು ಅಂತಿದ್ದೀವಿ. ಅಂಗಡಿಯವರು 1500 ವ್ಯಾಟ್ ಅಂದ್ರು. ರಾತ್ರಿ 8 ಗಂಟೆ ಹಾಕಿದ್ರೆ ತಿಂಗಳಿಗೆ ಬಿಲ್ ಎಷ್ಟು ಬರಬಹುದು? ಈಗ ನಮ್ಮದು 110 ಯೂನಿಟ್ ಒಳಗೇ ಇದೆ, ಜೀರೋ ಬಿಲ್."

ತಂಗಿ, ನಿನ್ನ ಪ್ರಶ್ನೆ ಬೇಸಿಗೆಯಲ್ಲಿ ಈ ಗುಂಪಿನ ಇನ್ನೂ ನಾಲ್ಕು ಮನೆಗಳಿಗೆ ಬರುವಂಥದ್ದು. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತಿದ್ದೇನೆ, ಸಮಾಧಾನವಾಗಿ ಕೇಳು.

ಮೊದಲು ಆ 1500 ವ್ಯಾಟ್ ವಿಚಾರ. ಒಂದು ಸಾವಿರ ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ಹಾಗಾಗಿ ಒಂದೂವರೆಯನ್ನು 8 ಗಂಟೆಯಿಂದಲೂ ಮತ್ತೆ 30 ದಿನದಿಂದಲೂ ಗುಣಿಸಿದರೆ 360 ಯೂನಿಟ್ ಬರುತ್ತದೆ, ಅಂಗಡಿಯಲ್ಲಿ ಕೇಳಿದವರು ಗಾಬರಿಯಾಗುವುದು ಈ ಅಂಕಿಗೆ. ಆದರೆ ಅದು ಯಂತ್ರ ಪೂರ್ತಿ ಬಲದಲ್ಲಿ ಓಡುವಾಗ ಎಳೆಯುವ ವಿದ್ಯುತ್ತೇ ಹೊರತು ರಾತ್ರಿಯಿಡೀ ಎಳೆಯುವುದಲ್ಲ. ಕೋಣೆ ತಂಪಾದ ಮೇಲೆ ಹಳೆಯ ಮಾದರಿಯಾದರೆ ಕಂಪ್ರೆಸರ್ ನಿಂತು ನಿಂತು ಓಡುತ್ತದೆ. ಇನ್ವರ್ಟರ್ ಮಾದರಿಯಾದರೆ ನಿಲ್ಲದೆ ವೇಗ ತಗ್ಗಿಸಿಕೊಂಡು ಓಡುತ್ತದೆ. ಎರಡರಲ್ಲೂ ಸರಾಸರಿ ಬಳಕೆ ಫಲಕದ ಮೇಲಿನ ವ್ಯಾಟ್‌ಗಿಂತ ಬಹಳ ಕೆಳಗಿರುತ್ತದೆ.

ಹಾಗಾದರೆ ಸರಾಸರಿ ತಿಳಿಯುವುದು ಹೇಗೆ? ಎ.ಸಿ. ಮುಂಭಾಗದಲ್ಲಿ ಅಂಟಿಸಿರುವ ಸ್ಟಾರ್ ಚೀಟಿಯಲ್ಲಿ ನಕ್ಷತ್ರಗಳನ್ನು ಎಣಿಸಿ ಬಿಟ್ಟುಬಿಡಬೇಡ. ಅದೇ ಚೀಟಿಯಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಎಂಬ ಒಂದು ಅಂಕಿ ಇರುತ್ತದೆ, ಅದನ್ನು ವರ್ಷಕ್ಕೆ 1600 ಗಂಟೆ ಓಡಿಸಿದಂತೆ ಲೆಕ್ಕ ಹಾಕಿ ಬರೆದಿರುತ್ತಾರೆ. ನೀನು ನೋಡಿದ ಯಂತ್ರದ ಚೀಟಿಯಲ್ಲಿ 960 ಎಂದಿದೆ ಎಂದುಕೊಳ್ಳೋಣ. 960ನ್ನು 1600ರಿಂದ ಭಾಗಿಸಿದರೆ ಗಂಟೆಗೆ 0.6 ಯೂನಿಟ್ ಆಯಿತು. ದಿನಕ್ಕೆ 8 ಗಂಟೆಯಂತೆ ತಿಂಗಳಿಗೆ 240 ಗಂಟೆ, ಅಂದರೆ 144 ಯೂನಿಟ್.

ಇಲ್ಲಿಯೂ ಒಂದು ತಿದ್ದುಪಡಿ ಬೇಕು. ಆ ಪರೀಕ್ಷೆಯಲ್ಲಿ ಕೋಣೆಯ ಒಳಗಿನ ಉಷ್ಣತೆ 27 ಡಿಗ್ರಿ ಎಂದು ಹಿಡಿದಿರುತ್ತಾರೆ, ನಾವು ಮನೆಯಲ್ಲಿ 24ಕ್ಕೆ ಇಡುತ್ತೇವೆ. ಒಂದೊಂದು ಡಿಗ್ರಿಗೆ ಸುಮಾರು ಶೇಕಡಾ 6ರಷ್ಟು ವ್ಯತ್ಯಾಸವಾಗುತ್ತದೆ ಎಂದು ಇಂಧನ ದಕ್ಷತಾ ಬ್ಯೂರೋದವರೇ ಹೇಳುತ್ತಾರೆ. ಮೂರು ಡಿಗ್ರಿಗೆ 18ರಷ್ಟು ಸೇರಿಸಿದರೆ 144 ಇದ್ದದ್ದು ಸುಮಾರು 170 ಆಗುತ್ತದೆ. ಮಲಗುವ ಕೋಣೆಯ ಮೇಲೆ ನೇರವಾಗಿ ತಾರಸಿ ಇದ್ದರೆ, ಪಡುವಣದ ಗೋಡೆ ಸಂಜೆಯವರೆಗೆ ಕಾದಿದ್ದರೆ ಇದಕ್ಕಿಂತಲೂ ಮೇಲೆ ಹೋಗಬಹುದು.

ಇನ್ನು ದರ. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಗೃಹಬಳಕೆಗೆ ಸ್ಲ್ಯಾಬ್ ಇತ್ತು, ಹೆಚ್ಚು ಬಳಸಿದವರಿಗೆ ಹೆಚ್ಚು ದರ. 2024ರ ಏಪ್ರಿಲ್‌ನಿಂದ ಅದು ಹೋಗಿ ಎಲ್ಲ ಯೂನಿಟ್‌ಗೂ ಒಂದೇ ದರ ಬಂತು, 2025-26ರಲ್ಲಿ ಅದು 5 ರೂಪಾಯಿ 80 ಪೈಸೆ. ಅದರ ಮೇಲೆ ಆ ವರ್ಷ ಪಿಂಚಣಿ ಮತ್ತು ಗ್ರಾಚ್ಯುಯಿಟಿಗೆಂದು ಯೂನಿಟ್‌ಗೆ 36 ಪೈಸೆ, ವಿದ್ಯುತ್ ಶುಲ್ಕದ ಮೇಲೆ ಶೇಕಡಾ 9 ತೆರಿಗೆ. ಎಲ್ಲ ಸೇರಿ ಒಂದು ಯೂನಿಟ್ ಸುಮಾರು 6 ರೂಪಾಯಿ 68 ಪೈಸೆಗೆ ಬೀಳುತ್ತದೆ. ಇಂಧನ ಹೊಂದಾಣಿಕೆ ಶುಲ್ಕ ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಅದನ್ನು ಇಲ್ಲಿ ಬಿಟ್ಟಿದ್ದೇನೆ. ಈ ಪ್ರಕಾರ 170 ಯೂನಿಟ್‌ಗೆ ಸುಮಾರು 1,136 ರೂಪಾಯಿ. ಜೀರೋ ಬಿಲ್ ಇಲ್ಲದ ಮನೆಯಾದರೆ ಉತ್ತರ ಇಲ್ಲಿಗೇ ಮುಗಿಯುತ್ತಿತ್ತು.

ನಿಮ್ಮ ಮನೆಯಲ್ಲಿ ಮುಗಿಯುವುದಿಲ್ಲ, ನಾನು ಇಷ್ಟು ವಿವರವಾಗಿ ಹೇಳಲು ಹೊರಟಿದ್ದೇ ಈ ಕಾರಣಕ್ಕೆ. ಸ್ಲ್ಯಾಬ್ ಹೋಯಿತಾದರೂ ಗೃಹಜ್ಯೋತಿಯ 200 ಯೂನಿಟ್‌ನ ಗೆರೆ ಉಳಿದಿದೆ, ಅದು ಯಾವ ಸ್ಲ್ಯಾಬ್‌ಗಿಂತಲೂ ಕಡಿದಾದ ಮೆಟ್ಟಿಲು. ನಿಮ್ಮ ಹಳೆಯ ಸರಾಸರಿ 100 ಯೂನಿಟ್, ಅದಕ್ಕೆ ಶೇಕಡಾ 10 ಸೇರಿ 110 ಯೂನಿಟ್ ಉಚಿತ ಎಂದು ಇಟ್ಟುಕೊಳ್ಳೋಣ. 110 ದಾಟಿ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ದುಡ್ಡು ಕಟ್ಟಬೇಕು. 200 ದಾಟಿತೋ, ಉಚಿತವೆಲ್ಲ ಹೋಗಿ ಪೂರ್ತಿ ಬಿಲ್ಲು ನಿಮ್ಮದೇ.

ಈಗ ಲೆಕ್ಕ ನೋಡು. ಮನೆಯ 110, ಎ.ಸಿ.ಯ 170, ಒಟ್ಟು 280 ಯೂನಿಟ್. ವಿದ್ಯುತ್ ಶುಲ್ಕ 1,624, ಅದರ ತೆರಿಗೆ ಸುಮಾರು 146, ಪಿಂಚಣಿ ಶುಲ್ಕ ಸುಮಾರು 101. ಮಂಜೂರಾದ ಲೋಡ್ 3 ಕಿಲೋವ್ಯಾಟ್ ಇದ್ದರೆ ಅದೇ 2025-26ರ ದರದಲ್ಲಿ ಕಿಲೋವ್ಯಾಟ್‌ಗೆ 145ರಂತೆ ನಿಗದಿತ ಶುಲ್ಕ 435. ಎಲ್ಲ ಸೇರಿ ಸುಮಾರು 2,306 ರೂಪಾಯಿ. ಹೋದ ತಿಂಗಳು ಸೊನ್ನೆ ಇದ್ದದ್ದು ಈ ತಿಂಗಳು 2,306. ಇಡೀ ಮೊತ್ತ ಎ.ಸಿ.ಯಿಂದಲೇ ಬಂದದ್ದರಿಂದ ಅದರ ಒಂದೊಂದು ಯೂನಿಟ್ ನಿಮಗೆ ಹದಿಮೂರೂವರೆ ರೂಪಾಯಿಗೆ ಬಿದ್ದಂತಾಯಿತು.

ಅದೇ ಯಂತ್ರವನ್ನು 26ಕ್ಕೆ ಇಟ್ಟು ಮಲಗುವಾಗ 4 ಗಂಟೆ ಮಾತ್ರ ಓಡಿಸಿ, ಟೈಮರ್ ಆರಿಸಿದ ಮೇಲೆ ಫ್ಯಾನಿನಲ್ಲಿ ಮಲಗಿದರೆ ತಿಂಗಳಿಗೆ 120 ಗಂಟೆ, ಸುಮಾರು 76 ಯೂನಿಟ್. ಒಟ್ಟು 186, ಗೆರೆಯ ಒಳಗೇ. ಆಗ ಹೆಚ್ಚುವರಿ 76ಕ್ಕೆ ಮಾತ್ರ ಸುಮಾರು 508 ರೂಪಾಯಿ. ಗಂಟೆಗಳು ಅರ್ಧವಾದರೆ ಬಿಲ್ಲು ಅರ್ಧಕ್ಕಲ್ಲ, ಕಾಲು ಭಾಗಕ್ಕಿಂತಲೂ ಕೆಳಗೆ ಇಳಿಯುತ್ತದೆ. ಆದರೆ ಮನೆಯಲ್ಲಿ ಚಿಕ್ಕ ಮಗು ಅಥವಾ ವಯಸ್ಸಾದವರು ಸೆಕೆಗೆ ನರಳುತ್ತಿದ್ದರೆ ಈ ಗೆರೆಯನ್ನು ನೆನೆದು ಆರಿಸಲೇಬೇಡ, ಏಪ್ರಿಲ್ ಮೇ ಎರಡು ತಿಂಗಳು ಪೂರ್ತಿ ಬಿಲ್ಲು ಕಟ್ಟಿಬಿಡುವುದೇ ಸರಿ.

ಚೆನ್ನೈನ ಚಿಕ್ಕಪ್ಪನವರೂ ಇದನ್ನು ಕೇಳುತ್ತಿರಬಹುದು. ಅಲ್ಲಿ ಎರಡು ತಿಂಗಳಿಗೊಂದು ಬಿಲ್ಲು, ಮತ್ತು ಸ್ಲ್ಯಾಬ್ ಇಂದಿಗೂ ಇದೆ. ಅಂಥ ಕಡೆ ಎ.ಸಿ.ಯ ಯೂನಿಟ್‌ಗಳನ್ನು ಸರಾಸರಿ ದರದಲ್ಲಿ ಗುಣಿಸಬಾರದು, ಅವು ಮನೆಯ ಬಳಕೆಯ ಮೇಲೆ ಕೂರುವುದರಿಂದ ಮೇಲಿನ ಸ್ಲ್ಯಾಬ್‌ನ ದರವೇ ಅವಕ್ಕೆ ತಗಲುತ್ತದೆ.

ಎ.ಸಿ. ಬಂದ ಮೇಲೆ ನನ್ನ ಅಂದಾಜನ್ನು ಮೀಟರ್‌ನಲ್ಲಿ ಒಮ್ಮೆ ತಾಳೆ ನೋಡು. ಮೀಟರ್ ಮೇಲೆ 3200 imp/kWh ಎಂಬಂತೆ ಒಂದು ಅಂಕಿ ಮುದ್ರಿಸಿರುತ್ತಾರೆ, ಪಕ್ಕದಲ್ಲಿ ಕೆಂಪು ದೀಪ ಮಿಣುಕುತ್ತಿರುತ್ತದೆ. 3200 ಮಿಣುಕಿದರೆ ಒಂದು ಯೂನಿಟ್. ನಮ್ಮ ಮನೆಯಲ್ಲಿ ಉಳಿದದ್ದನ್ನೆಲ್ಲ ಆರಿಸಿ ಎಣಿಸಿದಾಗ, ಎ.ಸಿ. ಹಾಕಿದ ಹೊಸದರಲ್ಲಿ ನಿಮಿಷಕ್ಕೆ 80 ಮಿಣುಕು ಇತ್ತು. 60ರಿಂದ ಗುಣಿಸಿ 3200ರಿಂದ ಭಾಗಿಸಿದರೆ ಗಂಟೆಗೆ ಒಂದೂವರೆ ಯೂನಿಟ್, ಅಂಗಡಿಯವರ 1500 ವ್ಯಾಟ್ ಅದೇ. ಮೂರು ಗಂಟೆ ಕಳೆದು ಎದ್ದು ನೋಡಿದಾಗ 30ಕ್ಕೆ ಇಳಿದಿತ್ತು, ಅಂದರೆ ಗಂಟೆಗೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಹೆಚ್ಚು. ರಾತ್ರಿಯ ಕೊನೆಯವರೆಗೂ ಮಿಣುಕು ಕಡಿಮೆಯಾಗದಿದ್ದರೆ ಕೋಣೆಗೆ ಯಂತ್ರ ಸಾಲುತ್ತಿಲ್ಲ, ಫಿಲ್ಟರ್ ಕಟ್ಟಿಕೊಂಡಿದೆ, ಇಲ್ಲವೇ ಗ್ಯಾಸ್ ಕಡಿಮೆಯಿದೆ ಎಂದು ತಿಳಿ. ಆಗ 170ರ ಲೆಕ್ಕ ನಿಲ್ಲುವುದಿಲ್ಲ.

ಕೊಳ್ಳುವ ಮುಂಚೆ ಆ ಚೀಟಿಯದೊಂದು ಫೋಟೋ, ನಿಮ್ಮ ಹೋದ ತಿಂಗಳ ಬಿಲ್ಲಿನದೊಂದು ಫೋಟೋ ನನಗೆ ಕಳುಹಿಸು. ನಿಮ್ಮ ಅಸಲಿ ಉಚಿತ ಯೂನಿಟ್ ಮತ್ತು ಮಂಜೂರಾದ ಲೋಡ್ ನೋಡಿ ಅಂಕಿಗಳನ್ನು ತಿದ್ದಿಕೊಡುತ್ತೇನೆ.