ಅಪ್‌ಡೇಟ್: ಎರಡು ವಾರದ ಒಣಕೆಮ್ಮು ಕಡೆಗೂ ತಗ್ಗಿತು

ನಾನು ಕೇಳಿದ್ದು: "ಶೀತ ಹೋಗಿ ಎರಡು ವಾರ ಆಯ್ತು, ಒಣಕೆಮ್ಮು ಮಾತ್ರ ಬಿಡ್ತಿಲ್ಲ. ಮಲಗಿದ ತಕ್ಷಣ ಜಾಸ್ತಿ. ಏನು ಮಾಡ್ಲಿ? (ಚಿಕ್ಕಮಗಳೂರು)"

ಕೆಲಸ ಮಾಡಿದ್ದು ಮೂಗು ತೊಳೆಯೋ ಸಲಹೆ. ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ಮಲಗಿದಾಗ ಮೂಗಿನ ಹಿಂಭಾಗದಿಂದ ಸಿಂಬಳ ಗಂಟಲಿಗೆ ಇಳಿದು ಕೆರೀತಿತ್ತು. ಕುದಿಸಿ ಆರಿಸಿದ ಒಂದು ಲೋಟ (250 ಮಿ.ಲೀ.) ನೀರಿಗೆ ಅರ್ಧ ಟೀ ಚಮಚ ಉಪ್ಪು, ಚಿಟಿಕೆ ಅಡುಗೆ ಸೋಡಾ. ಬಗ್ಗಿ, ಬಾಯಲ್ಲಿ ಉಸಿರಾಡ್ತಾ, ಒಂದು ಹೊಳ್ಳೆಗೆ ಬಿಟ್ಟರೆ ಇನ್ನೊಂದರಿಂದ ಬರುತ್ತೆ. ಉಪ್ಪು ಕಮ್ಮಿ ಆದರೆ ಮೂಗು ಉರಿಯುತ್ತೆ. ಕುದಿಸದ ನಲ್ಲಿ ನೀರು ಬೇಡವೇ ಬೇಡ. ರಾತ್ರಿ ಇದಾದ ಮೇಲೆ ಒಂದು ಚಮಚ ಜೇನು, ತಲೆಗೆ ಇನ್ನೊಂದು ದಿಂಬು. ನಾಲ್ಕನೇ ರಾತ್ರಿ ನಿದ್ದೆ ಬಂತು. (ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು.)

ಖಾರದ ಮೆಣಸಿನ ಕಷಾಯ ಗಂಟಲನ್ನ ಇನ್ನಷ್ಟು ಕೆರೆಸಿತು. ಬೆಳಿಗ್ಗೆ ಬಚ್ಚಲ ಒಲೆ ಹೊಗೆ ತಾಗಿದರೂ ಕೆಮ್ಮು ಶುರು. ಆಂಟಿಬಯೋಟಿಕ್ ಬೇಡ ಅಂದ್ರು ಡಾಕ್ಟ್ರು, ವೈರಸ್‌ಗೆ ಅದು ನಾಟಲ್ಲ.

ಗೊತ್ತಿರದ ವಿಷಯ ಒಂದು: ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕಫ ಪರೀಕ್ಷೆ ಮಾಡಿ ಟಿಬಿ ಇದೆಯಾ ನೋಡ್ತಾರೆ. ನನ್ನದು ನೆಗೆಟಿವ್. ರಕ್ತ, ಉಬ್ಬಸ, ತೂಕ ಇಳಿಕೆ, ಸಂಜೆ ಜ್ವರ ಇದ್ದರೆ ಎರಡು ವಾರ ಕಾಯದೆ ಹೋಗಿ.