ಪದಚರ್ಚೆ: ‘ತಿದ್ದುಪಡಿ ಅಂಶ’ ಎಂದು ಓದಿದವರಿಗೆ ಏನು ಅರ್ಥವಾಗುತ್ತದೆ?

ಎಲ್ಲರಿಗೂ ನಮಸ್ಕಾರ.

ನಾನು ಹಾಸನದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ನನ್ನ ತಮ್ಮನಿಗೆ 36 ವರ್ಷ, ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದಾನೆ. ಹದಿನೈದು ವರ್ಷಗಳಿಂದ ಅವನಿಗೆ ಟೈಪ್ ಒನ್ ಸಕ್ಕರೆ ಕಾಯಿಲೆ. ರಾತ್ರಿ ಒಂದು ನಿಧಾನದ ಇನ್ಸುಲಿನ್, ಪ್ರತಿ ಊಟಕ್ಕೂ ಮುಂಚೆ ಬೇಗ ಕೆಲಸ ಮಾಡುವ ಇನ್ನೊಂದು. ನಿಧಾನದ್ದು ದಿನವೂ ಒಂದೇ ಪ್ರಮಾಣ. ಊಟದ್ದನ್ನು ಮಾತ್ರ ತಟ್ಟೆ ನೋಡಿ, ಆ ಹೊತ್ತಿನ ರಕ್ತದ ಸಕ್ಕರೆ ನೋಡಿ, ಅವನೇ ಲೆಕ್ಕ ಹಾಕಬೇಕು.

ವೈದ್ಯರು ಇಂಗ್ಲಿಷಿನಲ್ಲಿ ಕೊಟ್ಟಿದ್ದ ಆ ಲೆಕ್ಕದ ಹಾಳೆಯನ್ನು ಕನ್ನಡಕ್ಕೆ ತಂದವಳು ನಾನು. ಅದರಲ್ಲಿದ್ದ ‘ಕರೆಕ್ಷನ್ ಫ್ಯಾಕ್ಟರ್’ ಎಂಬುದನ್ನು ‘ತಿದ್ದುಪಡಿ ಅಂಶ’ ಎಂದು ಬರೆದೆ. ಎರಡೂ ಒಳ್ಳೆಯ ಪದಗಳೇ. ಆದರೆ ಜೊತೆಗೂಡಿ ಅವು ಏನು ಮಾಡಿದವು ಎಂದು ಹೇಳುತ್ತೇನೆ.

ಹಾಳೆಯಲ್ಲಿ ಹೀಗಿತ್ತು: ಗುರಿ 120, ಒಂದು ಯೂನಿಟ್‌ಗೆ 15 ಗ್ರಾಂ ಕಾರ್ಬ್, ತಿದ್ದುಪಡಿ ಅಂಶ 50. ಅಂದರೆ, ಊಟದಲ್ಲಿರುವ ಪ್ರತಿ 15 ಗ್ರಾಂ ಕಾರ್ಬೋಹೈಡ್ರೇಟಿಗೆ ಒಂದು ಯೂನಿಟ್ ಇನ್ಸುಲಿನ್ ಬೇಕು, ಮತ್ತು ಒಂದು ಯೂನಿಟ್ ಹಾಕಿಕೊಂಡರೆ ಅವನ ಸಕ್ಕರೆ ಸುಮಾರು 50 ಇಳಿಯುತ್ತದೆ. ಕೊಯ್ಲು ಶುರುವಾದ ಮೇಲೆ ದಿನವಿಡೀ ತೋಟ ಸುತ್ತುವುದರಿಂದ ಅವನಿಗೆ ಆಗಾಗ ಸಕ್ಕರೆ ಕುಸಿಯತೊಡಗಿತು. ವೈದ್ಯರಿಗೆ ಫೋನ್ ಮಾಡಿದ. ಅವರು, ‘ತಿದ್ದುಪಡಿ ಅಂಶವನ್ನು 50ರಿಂದ 60ಕ್ಕೆ ಹೆಚ್ಚಿಸಿಕೊಳ್ಳಿ’ ಎಂದರು.

ಅಂದು ರಾತ್ರಿ ಒಂಬತ್ತಕ್ಕೆ ಸಕ್ಕರೆ 240 ಇತ್ತು. ಊಟಕ್ಕೆ 90 ಗ್ರಾಂ ಹಿಟ್ಟಿನ ಒಂದು ರಾಗಿ ಮುದ್ದೆ ಮತ್ತು ಅವರೆಕಾಳಿನ ಸಾರು. ಮುದ್ದೆಯಲ್ಲಿ 60 ಗ್ರಾಂ ಕಾರ್ಬ್, ಸಾರಿಗೆ 15, ಒಟ್ಟು 75. ಅದನ್ನು 15ರಿಂದ ಭಾಗಿಸಿ ಊಟಕ್ಕೆ 5 ಯೂನಿಟ್. ಇಲ್ಲಿಯವರೆಗೆ ಸರಿ. ಗುರಿಗಿಂತ 120 ಹೆಚ್ಚಿದೆ. 60ರಿಂದ ಭಾಗಿಸಿದರೆ 2 ಯೂನಿಟ್, ಒಟ್ಟು 7 ಆಗಬೇಕಿತ್ತು. ಆದರೆ ಅವನು ಭಾಗಿಸುವ ಗೋಜಿಗೇ ಹೋಗಲಿಲ್ಲ. ‘ಹಳೆಯ ಲೆಕ್ಕದಲ್ಲಿ 240 ಇದ್ದಾಗ 2.4 ಬರುತ್ತಿತ್ತು, ಎರಡು ಹಾಕಿಕೊಳ್ಳುತ್ತಿದ್ದೆ, ತಿದ್ದುಪಡಿ ಹೆಚ್ಚಿಸಲು ಹೇಳಿದ್ದಾರೆ, ಮೂರು ಹಾಕಿಕೊಳ್ಳೋಣ’ ಎಂದುಕೊಂಡ. ಒಟ್ಟು 8 ಆಯಿತು. ಹನ್ನೆರಡೂವರೆಗೆ ಬೆವರಿ, ಕೈ ನಡುಗಿ ಎಚ್ಚರವಾಯಿತು. ಮೀಟರ್ 62 ತೋರಿಸಿತು. ನನ್ನ ನಾದಿನಿ ಮೂರು ಚಮಚ ಸಕ್ಕರೆಯನ್ನು ನೀರಿಗೆ ಕದಡಿ ಕುಡಿಸಿದಳು. ಹದಿನೈದು ನಿಮಿಷದ ನಂತರ ನೋಡಿದಾಗ 94.

ಅಂಶ ಹೆಚ್ಚಿದರೆ ಔಷಧ ಕಡಿಮೆಯಾಗಬೇಕು. ‘ಅಂಶ’ ಎಂಬ ಪದ ಕಿವಿಗೆ ಇದನ್ನು ತಿರುವುಮುರುವಾಗಿ ಹೇಳುತ್ತದೆ. ‘ಉಪ್ಪಿನ ಅಂಶ ಹೆಚ್ಚಿಸು’ ಎಂದರೆ ಉಪ್ಪು ಜಾಸ್ತಿ ಹಾಕು ಎಂದೇ ನಾವು ತಿಳಿಯುವುದು. ಸಂಖ್ಯೆಯ ನಿಜವಾದ ಅರ್ಥವನ್ನು ಹೇಳುವ, ಮನೆಯಲ್ಲಿ ಬಾಯಿಗೆ ಬರುವ ಪದ ಯಾವುದು? ದಯವಿಟ್ಟು ಸೂಚಿಸಿ.

*

ಬೇಲೂರಿನಿಂದ, ನಿವೃತ್ತ ಗಣಿತ ಶಿಕ್ಷಕ:

ಮೇಡಂ, ತಪ್ಪು ‘ಅಂಶ’ದಲ್ಲಿದೆ ಎಂಬುದು ನಿಜ. ಗಣಿತದಲ್ಲಿ ಭಿನ್ನರಾಶಿಯ ಮೇಲಿನ ಸಂಖ್ಯೆಗೆ ‘ಅಂಶ’ ಎನ್ನುತ್ತೇವೆ, ಕೆಳಗಿನದಕ್ಕೆ ‘ಛೇದ’. ನಿಮ್ಮ 60 ಕೆಳಗೆ ಕೂರುವ ಸಂಖ್ಯೆ. ಕೆಳಗಿನದಕ್ಕೆ ಮೇಲಿನದರ ಹೆಸರಿಟ್ಟಿದ್ದೀರಿ! ಫ್ಯಾಕ್ಟರ್ ಎಂಬುದಕ್ಕೆ ಇಲ್ಲಿ ‘ಗುಣಾಂಕ’ ಎನ್ನಬಹುದು. ‘ತಿದ್ದುಪಡಿ ಗುಣಾಂಕ’ ಎಂದು ಬರೆಯಿರಿ, ಗೊಂದಲವೇ ಇರುವುದಿಲ್ಲ.

*

ಅರಸೀಕೆರೆಯಿಂದ, ಅಂಗಡಿ ಮಾಲೀಕ:

ನಮ್ಮ ತಾಯಿಗೂ ಇನ್ಸುಲಿನ್ ಇದೆ. ಬೆಳಗ್ಗೆ 20 ಪಾಯಿಂಟ್, ರಾತ್ರಿ 12 ಪಾಯಿಂಟ್. ಆರು ವರ್ಷಗಳಿಂದ ಹೀಗೇ ನಡೆದಿದೆ, ಯಾವ ಭಾಗಾಕಾರವೂ ಇಲ್ಲ. ತಮ್ಮನಿಗೂ ವೈದ್ಯರನ್ನು ಕೇಳಿ ಹಾಗೆಯೇ ಗೊತ್ತುಮಾಡಿಸಿಬಿಡಿ, ಪದವೇ ಬೇಕಾಗುವುದಿಲ್ಲ. ಅಂದ ಹಾಗೆ, ನಮ್ಮ ಕಡೆ ಯಾರೂ ಯೂನಿಟ್ ಎನ್ನುವುದಿಲ್ಲ, ಪಾಯಿಂಟ್ ಎಂದೇ ಹೇಳುತ್ತಾರೆ.

*

ಚಿಕ್ಕಮಗಳೂರಿನಿಂದ, ಮಧುಮೇಹಿಗಳಿಗೆ ತಿಳಿವಳಿಕೆ ಕೊಡುವ ದಾದಿ:

ಮೊದಲು ಅರಸೀಕೆರೆಯ ಅಣ್ಣನವರಿಗೆ. ತಾಯಿಯವರದು ಟೈಪ್ ಟು ಇರಬೇಕು, ಕೊಡುತ್ತಿರುವುದು ಎರಡು ಬಗೆ ಬೆರೆಸಿದ ಇನ್ಸುಲಿನ್ ಇರಬೇಕು. ಅದರಲ್ಲಿ ಪ್ರಮಾಣ ಕಟ್ಟುನಿಟ್ಟು, ಊಟವೇ ಅದಕ್ಕೆ ಹೊಂದಿಕೊಳ್ಳಬೇಕು: ಅದೇ ಹೊತ್ತು, ಹೆಚ್ಚುಕಡಿಮೆ ಅಷ್ಟೇ ಅನ್ನ. ಕೊಯ್ಲಿನ ಕಾಲದಲ್ಲಿ ಒಂದು ದಿನ ಎರಡು ಗಂಟೆಗೆ, ಇನ್ನೊಂದು ದಿನ ನಾಲ್ಕಕ್ಕೆ ಊಟ ಮಾಡುವ ರೈಟರಿಗೆ ಅದು ಕಷ್ಟ. ಇವರ ತಮ್ಮನ ಪದ್ಧತಿಯಲ್ಲಿ ಇನ್ಸುಲಿನ್ನೇ ಊಟಕ್ಕೆ ಹೊಂದಿಕೊಳ್ಳುತ್ತದೆ. ಅದರ ಬೆಲೆಯೇ ಈ ಲೆಕ್ಕ.

‘ಪಾಯಿಂಟ್’ ಬಗ್ಗೆ ನನಗೆ ನಿಜವಾಗಿಯೂ ಭಯವಿದೆ. ಜನ ಪಾಯಿಂಟ್ ಎನ್ನುವುದು ಸಿರಿಂಜಿನ ಗೆರೆಗೆ. ನಮ್ಮಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಬಾಟಲಿಯೂ ಸಿಗುತ್ತದೆ, 100 ಇರುವುದೂ ಸಿಗುತ್ತದೆ. ಎರಡಕ್ಕೂ ಸಿರಿಂಜು ಬೇರೆ: 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ‘ಎಂಟು ಪಾಯಿಂಟ್’ ಎಳೆದರೆ ಒಳಗೆ ಹೋಗುವುದು 20 ಯೂನಿಟ್. ಹಾಳೆಯಲ್ಲಿ ಯೂನಿಟ್ ಎಂದೇ ಬರೆಯಿರಿ.

ಬೇಲೂರಿನ ಮೇಷ್ಟ್ರು ಕ್ಷಮಿಸಬೇಕು. ಅಂಶ, ಛೇದದ ಮಾತು ನನಗೆ ಬಹಳ ಹಿಡಿಸಿತು, ಆದರೆ ‘ಗುಣಾಂಕ’ ಬೇಡ. ಗುಣಾಂಕ ಎಂದೊಡನೆ ಕೈ ಗುಣಾಕಾರಕ್ಕೆ ಹೋಗುತ್ತದೆ. ಇಲ್ಲಿರುವುದು ಭಾಗಾಕಾರ.

ಸಂಖ್ಯೆ ಏಕೆ ತಲೆಕೆಳಗಾಗಿ ನಡೆಯುತ್ತದೆ ಎಂಬುದು ಅದು ಹುಟ್ಟುವ ಬಗೆಯಿಂದಲೇ ತಿಳಿಯುತ್ತದೆ. ಬೇಗ ಕೆಲಸ ಮಾಡುವ ಇನ್ಸುಲಿನ್ನಿಗೆ ವೈದ್ಯರು ಸಾಮಾನ್ಯವಾಗಿ 1800 ಎಂಬ ಸಂಖ್ಯೆಯನ್ನು ದಿನದ ಒಟ್ಟು ಇನ್ಸುಲಿನ್ನಿನಿಂದ ಭಾಗಿಸಿ ಆರಂಭಿಸುತ್ತಾರೆ. ದಿನಕ್ಕೆ 36 ಯೂನಿಟ್ ಬೇಕಾಗಿದ್ದವರಿಗೆ 50 ಬರುತ್ತದೆ. ಓಡಾಟ ಹೆಚ್ಚಿ ದಿನಕ್ಕೆ 30 ಸಾಕಾದರೆ 60 ಬರುತ್ತದೆ. ದೇಹ ಇನ್ಸುಲಿನ್ನಿಗೆ ಚೆನ್ನಾಗಿ ಓಗೊಡುತ್ತಿದೆ, ಒಂದೊಂದು ಯೂನಿಟ್ಟೂ ಹೆಚ್ಚು ಕೆಲಸ ಮಾಡುತ್ತಿದೆ, ಆದ್ದರಿಂದ ಕಡಿಮೆ ಸಾಕು. ಇದು ಆರಂಭದ ಅಂದಾಜು ಮಾತ್ರ. ಮೀಟರಿನ ದಾಖಲೆ ನೋಡಿ ವೈದ್ಯರು ಅದನ್ನು ಆಚೀಚೆ ಮಾಡುತ್ತಾರೆ. ಕೊಯ್ಲು ಮುಗಿದು ಓಡಾಟ ಇಳಿದಾಗ 60 ಮತ್ತೆ ಬದಲಾಗಬಹುದು, ತಮ್ಮನವರಿಗೆ ಇದನ್ನು ತಿಳಿಸಿರಿ.

ನಾನು ಹೇಳಿಕೊಡುವಾಗ ‘ಇಳಿತ’ ಎನ್ನುತ್ತೇನೆ. ‘ನಿಮ್ಮ ಇಳಿತ ಎಷ್ಟು?’ ‘ಒಂದು ಯೂನಿಟ್‌ಗೆ 60.’ ಇಳಿತ ಹೆಚ್ಚಾಗಿದೆ ಎಂದರೆ ಹುಷಾರಾಗಿರಬೇಕು ಎಂದು ಯಾರಿಗಾದರೂ ಹೊಳೆಯುತ್ತದೆ. ‘ಇಳಿತವನ್ನು ಹೆಚ್ಚಿಸಿ’ ಎಂದು ಮಾತ್ರ ಹೇಳಬಾರದು, ‘ನಿಮ್ಮ ಇಳಿತ ಈಗ 60’ ಎಂದು ಹೇಳಬೇಕು.

*

ಸಕಲೇಶಪುರದಿಂದ, ಪತ್ರಿಕಾ ವರದಿಗಾರ:

ಇಳಿತ ಚೆಂದವಾಗಿದೆ, ಆದರೆ ಪೂರ್ತಿ ಹೊಂದುವುದಿಲ್ಲ. ನನಗೂ ಟೈಪ್ ಒನ್ ಇದೆ. ಊಟಕ್ಕೆ ಮುಂಚೆ 90 ಇದ್ದರೆ ಅದೇ 60ರ ಲೆಕ್ಕದಲ್ಲಿ ಊಟದ ಡೋಸಿನಿಂದ ಅರ್ಧ ಯೂನಿಟ್ ಕಳೆಯುತ್ತೇನೆ. ಆಗ ಯಾವ ಇಳಿತ? ತಿದ್ದುವುದು ಎರಡೂ ಕಡೆಗೆ. ಆಸ್ಪತ್ರೆಯಲ್ಲಿ, ಔಷಧದ ಅಂಗಡಿಯಲ್ಲಿ, ಮೊಬೈಲಿನಲ್ಲಿ ಎಲ್ಲೆಲ್ಲೂ ಕರೆಕ್ಷನ್ ಫ್ಯಾಕ್ಟರ್ ಎಂದೇ ಇರುವಾಗ ಕನ್ನಡದ ಹೊಸ ಪದ ಇನ್ನೊಂದು ಗೊಂದಲ ತರುತ್ತದೆ. ಬಸ್ಸನ್ನು ಬಸ್ಸೆಂದೇ ಕರೆದ ಹಾಗೆ ಅದನ್ನೂ ಇಟ್ಟುಕೊಳ್ಳಿ.

*

ಚಿಕ್ಕಮಗಳೂರಿನಿಂದ, ಮತ್ತೆ:

ಕಳೆಯುವ ಮಾತು ಸರಿ. 70ಕ್ಕಿಂತ ಕೆಳಗಿದ್ದರೆ ಮಾತ್ರ ಕಳೆಯುವ ಲೆಕ್ಕವೂ ಬೇಡ. ಮೊದಲು ಸಕ್ಕರೆ ತಿಂದು ಮೇಲೆ ತಂದುಕೊಂಡು, ನಂತರ ಊಟದ ಮಾತು. ಆದರೆ ಕಳೆಯುವಾಗಲೂ ಆ 60ರ ಅರ್ಥ ‘ಒಂದು ಯೂನಿಟ್ ಇಳಿಸುವಷ್ಟು’ ಎಂದೇ ಅಲ್ಲವೇ? ಅಳತೆ ಇಳಿತದ್ದೇ. ಇಂಗ್ಲಿಷ್ ಪದವೇ ಇರಲಿ ಎಂಬುದನ್ನು ನಾನು ಒಪ್ಪುವುದಿಲ್ಲ. ನನ್ನ ಬಳಿ ಬರುವವರಲ್ಲಿ ಆ ಪದ ಬಲ್ಲವರಿದ್ದಾರೆ, ಅದು ಏನನ್ನು ಅಳೆಯುತ್ತದೆ ಎಂದು ಹೇಳಬಲ್ಲವರು ಕಡಿಮೆ.

ಇನ್ನೊಂದು ಪದಕ್ಕೆ ನನಗೇ ಸಹಾಯ ಬೇಕು. ಒಂಬತ್ತಕ್ಕೆ ಹಾಕಿಕೊಂಡ ಇನ್ಸುಲಿನ್ ಹನ್ನೊಂದಕ್ಕೆ ಪೂರ್ತಿ ಮುಗಿದಿರುವುದಿಲ್ಲ. ಅದರ ಕೆಲಸ ಸುಮಾರು ನಾಲ್ಕು ಗಂಟೆ ನಡೆಯುತ್ತದೆ. ಹನ್ನೊಂದಕ್ಕೆ 220 ಕಂಡು ಗಾಬರಿಯಾಗಿ ಮತ್ತೆ ತಿದ್ದಿದರೆ ಎರಡು ಡೋಸ್ ಒಂದರ ಮೇಲೊಂದು ಬೀಳುತ್ತವೆ. ಒಳಗೆ ಇನ್ನೂ ಕೆಲಸ ಮಾಡಲಿರುವ ಆ ಇನ್ಸುಲಿನ್ನಿಗೆ ನಾನು ‘ಬಾಕಿ’ ಎನ್ನುತ್ತೇನೆ. ಹೋದ ವಾರ ಒಬ್ಬರು, ‘ಬಾಟಲಿಯಲ್ಲಿ ಬಾಕಿ ಬಹಳ ಇದೆ’ ಎಂದರು.

*

ಹಾಸನದಿಂದ, ಪ್ರಶ್ನೆ ಕೇಳಿದವಳು:

ಎಲ್ಲರಿಗೂ ವಂದನೆ. ನಿಮ್ಮ ಉತ್ತರಗಳನ್ನು ಓದುತ್ತ ಹಾಳೆಯನ್ನು ಮತ್ತೆ ನೋಡಿದಾಗ ನನ್ನದೇ ಇನ್ನೊಂದು ತಪ್ಪು ಕಣ್ಣಿಗೆ ಬಿತ್ತು. ‘ಹಿಟ್ಟು 90 ಗ್ರಾಂ – 60’ ಎಂದು ಬರೆದಿದ್ದೇನೆ. ನಮ್ಮ ಸೀಮೆಯಲ್ಲಿ ‘ಹಿಟ್ಟು’ ಎಂದರೆ ರಾಗಿ ಪುಡಿಯೂ ಹೌದು, ಬೆಂದ ಮುದ್ದೆಯೂ ಹೌದು. ‘ಹಿಟ್ಟು ಉಂಡಿರಾ?’ ಎಂದು ಕೇಳಿದರೆ ಯಾರೂ ಪುಡಿಯನ್ನು ನೆನೆಯುವುದಿಲ್ಲ. ನಿನ್ನೆ ಮನೆಯಲ್ಲಿ ತೂಗಿದೆ. 90 ಗ್ರಾಂ ಪುಡಿಯಿಂದ ಆದ ಮುದ್ದೆ 265 ಗ್ರಾಂ ಇತ್ತು. ಯಾರಾದರೂ ಬೆಂದ ಮುದ್ದೆಯನ್ನೇ 90 ಗ್ರಾಂ ತೂಗಿ 60 ಎಂದು ಲೆಕ್ಕ ಹಾಕಿದ್ದರೆ, ತಟ್ಟೆಯಲ್ಲಿ ಇರುತ್ತಿದ್ದದ್ದು 20 ಗ್ರಾಂ ಕಾರ್ಬ್, ಹಾಕಿಕೊಳ್ಳುತ್ತಿದ್ದದ್ದು 4 ಯೂನಿಟ್. ತಮ್ಮನಿಗೆ ಹೀಗಾಗದಿರುವುದಕ್ಕೆ ಕಾರಣ ಒಂದೇ: ನಾದಿನಿ ಯಾವಾಗಲೂ ಪುಡಿಯನ್ನೇ ತೂಗಿ, ಕೋಲಿನಿಂದ ತಿರುವಿ, ಎಷ್ಟು ಮುದ್ದೆಯಾಯಿತೋ ಅಷ್ಟರಿಂದ ಭಾಗಿಸುತ್ತಾಳೆ. ಈಗ ‘ಒಣ ರಾಗಿ ಹಿಟ್ಟು’ ಎಂದು ತಿದ್ದಿದ್ದೇನೆ.

‘ಕಾರ್ಬ್’ ಎಂಬುದನ್ನು ಹಾಗೆಯೇ ಬಿಟ್ಟಿದ್ದೇನೆ. ‘ಪಿಷ್ಟ’ ಎಂದು ಬರೆಯಲು ಮನಸ್ಸಿತ್ತು, ಆದರೆ ಹಾಲಿನಲ್ಲೂ ಬೆಲ್ಲದಲ್ಲೂ ಪಿಷ್ಟವಿಲ್ಲ. ಹಾಗೆ ಬರೆದಿದ್ದರೆ ಎರಡು ಚಮಚ ಸಕ್ಕರೆ ಹಾಕಿದ ಕಾಫಿ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತಿತ್ತು.

ಆ ಸಾಲು ಸದ್ಯಕ್ಕೆ ಹೀಗಿದೆ: ‘ಒಂದು ಯೂನಿಟ್‌ಗೆ ಇಳಿತ: 60. ಸಕ್ಕರೆಯಿಂದ 120 ಕಳೆದು, ಉಳಿದದ್ದನ್ನು 60ರಿಂದ ಭಾಗಿಸು.’ ಕೆಳಗೆ ಸಣ್ಣ ಅಕ್ಷರದಲ್ಲಿ ಕರೆಕ್ಷನ್ ಫ್ಯಾಕ್ಟರ್ ಎಂದೂ ಬರೆದಿದ್ದೇನೆ, ಆಸ್ಪತ್ರೆಯಲ್ಲಿ ಕೇಳಿದರೆ ತೋರಿಸಲು. ತಮ್ಮ ಓದಿ, ‘ಇದು ಕಣದ ಲೆಕ್ಕದ ಹಾಗಿದೆ’ ಎಂದ.

‘ಬಾಕಿ’ ಎಂದಾಗ ಅವನಿಗೆ ಕೂಲಿಯವರಿಗೆ ಕೊಡಬೇಕಾದ ಹಣ ನೆನಪಾಯಿತಂತೆ. ‘ಇನ್ನೂ ಓಡುತ್ತಿರುವ ಇನ್ಸುಲಿನ್’ ಎನ್ನಬಹುದೇ ಎಂದು ಕೇಳುತ್ತಿದ್ದಾನೆ. ಉದ್ದವಾಯಿತು, ಆದರೆ ಬಾಟಲಿಯಲ್ಲಿರುವುದು ಓಡುವುದಿಲ್ಲ ಎಂಬುದು ಅವನ ವಾದ. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆದರೆ ತಿಳಿಸಿ.